ಅಪ್‌ಡೇಟ್: ಬಜರ್ ಹೊಡೆದು ಲಾರಿ ಜಾಮ್ ಆದದ್ದಕ್ಕೆ ಕಾರಣ ಸಿಕ್ಕಿತು

ನಾನು ಕೇಳಿದ್ದು: "ಮಂಡ್ಯಕ್ಕೆ ಕಬ್ಬಿನ ಲೋಡ್ ತರುವಾಗ ಏರ್ ಬಜರ್ ಹೊಡೆದುಕೊಂಡಿತು. ಸ್ವಲ್ಪ ದೂರಕ್ಕೆ ಹಿಂದಿನ ಚಕ್ರ ಹಿಡಿದುಬಿಟ್ಟಿತು. ಬ್ರೇಕ್ ಒತ್ತಿರಲೇ ಇಲ್ಲ. ಯಾಕೆ?"

ಲೈನರ್ ಅಂಟಿಕೊಂಡಿರಬೇಕು ಅಂದುಕೊಂಡಿದ್ದೆ. ಅದಲ್ಲ. ಹಿಂದಿನ ಬ್ರೇಕ್ ಚೇಂಬರ್‌ನಲ್ಲಿ ಭಾರೀ ಸ್ಪ್ರಿಂಗ್ ಇರುತ್ತದೆ. ಗಾಡಿ ಓಡುವಾಗ ಅದನ್ನು ಅದುಮಿ ಹಿಡಿಯುವುದೇ ಗಾಳಿ. ಗಾಳಿ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ತಾನಾಗಿ ಬ್ರೇಕ್ ಹಾಕುತ್ತದೆ. ಅದಕ್ಕೆ ಮುಂಚೆ ಎಚ್ಚರಿಸುವುದೇ ಬಜರ್.

ಮೆಕ್ಯಾನಿಕ್ ಅಣ್ಣ ಚಕ್ರ ಉರುಳದ ಹಾಗೆ ಅಡ್ಡ ಕೊಟ್ಟು, ಗಾಳಿ ತುಂಬಿಸಿ ಇಂಜಿನ್ ಆಫ್ ಮಾಡಿಸಿದರು. ಹ್ಯಾಂಡ್‌ಬ್ರೇಕ್ ಹಾಕಿದ್ದಾಗ ಗೇಜಿನ ಮುಳ್ಳು 8 ಬಾರ್‌ನಲ್ಲೇ ನಿಂತಿತ್ತು. ಬಿಟ್ಟ ತಕ್ಷಣ ಇಳಿಯತೊಡಗಿತು. "ಬಿಟ್ಟಾಗ ಮಾತ್ರ ಸ್ಪ್ರಿಂಗ್ ಕಡೆಗೆ ಗಾಳಿ ಹೋಗೋದು. ಲೀಕ್ ಅಲ್ಲೇ" ಅಂದರು. ಸೋಪಿನ ನೀರು ಹಚ್ಚಿದರೆ ಎಡಗಡೆ ಹೋಸ್‌ನಲ್ಲಿ ಬುಳುಬುಳು ಗುಳ್ಳೆ! ಚಾಸಿಗೆ ಉಜ್ಜಿ ಉಜ್ಜಿ ಸವೆದಿತ್ತು. ಹೊಸ ಹೋಸ್ ಹಾಕಿಸಿ, ಚಾಸಿಗೆ ತಾಗದ ಹಾಗೆ ಕ್ಲಿಪ್ ಬಿಗಿಸಿದೆವು.

ದಯವಿಟ್ಟು ಆ ಚೇಂಬರ್ ಮಾತ್ರ ನೀವೇ ಬಿಚ್ಚಬೇಡಿ. ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಕುತ್ತು. ಬಜರ್ ಹೊಡೆದ ಕೂಡಲೇ ನಾನು ಪಕ್ಕಕ್ಕೆ ನಿಲ್ಲಿಸಬೇಕಿತ್ತು, ಅಲ್ವಾ? ಇನ್ಮೇಲೆ ಹಾಗೇ ಮಾಡುತ್ತೇನೆ.