ಪದ ಬೇಕು: ‘ಪ್ರಿಫಿಕ್ಸ್ ಕೋಡ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆ ಪ್ರಿಂಟಿಗೆ ಹೋಗಬೇಕು

ಸೇಡಂ ಲ್ಯಾಬ್:
ಎಲ್ಲರಿಗೂ ನಮಸ್ಕಾರ. ನಮ್ಮ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ಹೆಚ್ಚು ಸಲ ಬರುವ ಅಕ್ಷರಕ್ಕೆ ಗಿಡ್ಡ ಕೋಡ್ ಕೊಡುವ ಹಫ್‌ಮನ್ ಮರ ಕಟ್ಟುವುದು ಹೇಗೆ ಅಂತ ಒಂದು ಉದಾಹರಣೆ ಸಮೇತ ಕನ್ನಡದಲ್ಲೇ ಇರಬೇಕು. ಕಲಬುರಗಿಯ ಅಂಗಡಿಯವರು ಸಂಜೆ ಆರರೊಳಗೆ ಫೈಲ್ ಕಳಿಸಿ ಅಂದಿದ್ದಾರೆ. ಮೂರು ಕಡೆ ಪದ ಬೇಕು: ಪ್ರಿಫಿಕ್ಸ್ ಕೋಡ್, ಫ್ರೀಕ್ವೆನ್ಸಿ, ಆವರೇಜ್ ಕೋಡ್ ಲೆಂಗ್ತ್.

ಉದಾಹರಣೆಯ ಪಟ್ಟಿ ಸಹೋದ್ಯೋಗಿಯೊಬ್ಬರ ನೋಟ್‌ಬುಕ್ಕಿನದು. ಮೊಬೈಲಿನಲ್ಲಿ ತೆಗೆದ ಫೋಟೋ ಲಗತ್ತಿಸಿದ್ದೇನೆ. ತಲೆಬರಹ ‘ನೂರು ಅಕ್ಷರಕ್ಕೆ’ ಅಂತಿದೆ. ರ 30, ತ 25, ನ 13, ಕ 12, ಗ 9, ಳ 6. ಇದರಿಂದ ನನಗೆ ಸರಾಸರಿ 2.30 ಬಿಟ್ ಬಂತು. ಪದಗಳನ್ನು ಬೇಗ ಹೇಳಿದರೆ ಉಪಕಾರ.

ಬೀದರ್ ಅಚ್ಚಗನ್ನಡ:
ಪ್ರಿಫಿಕ್ಸ್ = ಮುನ್ನೊಟ್ಟು. ಹಾಗಾಗಿ ‘ಮುನ್ನೊಟ್ಟು ಗುರುತು’. ‘ಸಂಕೇತ’ ಬೇಡ, ಅದು ಸಂಸ್ಕೃತ. ‘ಮುನ್ನೊಟ್ಟು ಸಂಕೇತ’ ಅಂತ ಬರೆದರೆ ಅರಿಸಮಾಸ ಬೇರೆ ಆಗುತ್ತದೆ. ಫ್ರೀಕ್ವೆನ್ಸಿಗೆ ‘ಸಲವೆಣಿಕೆ’ ಅನ್ನಿ. ‘ಸರಾಸರಿ’ ನಮ್ಮ ಮನೆಯ ಪದ, ಅದು ಇರಲಿ. ‘ಆವರ್ತನ’ ಅಂತ ಮಾತ್ರ ಬರೆಯಬೇಡಿ, ದಯವಿಟ್ಟು.

ಯಾದಗಿರಿ ಡಯಲ್:
ಸರ್, ಪ್ರಿಫಿಕ್ಸ್ ಕೋಡ್ ಅಂದರೆ ಫೋನ್ ನಂಬರಿನ ಮುಂದೆ ಹಚ್ಚುವುದು, ಅಲ್ವಾ? ನಮ್ಮದು 08473, ಕಲಬುರಗಿದು 08472, ಬೀದರಿಂದು 08482. ನಾನು ಎಸ್‌ಟಿಡಿ ಬೂತ್ ನಡೆಸುತ್ತಿದ್ದಾಗ ಬೋರ್ಡಿನ ಮೇಲೆ ‘ಊರ ಸಂಖ್ಯೆ’ ಅಂತ ಬರೆಸಿದ್ದೆ. ಎಲ್ಲರಿಗೂ ತಿಳಿಯುತ್ತಿತ್ತು. ನೀವೂ ಅದನ್ನೇ ಹಾಕಿ.

ಶಹಾಬಾದ್ ಕಲ್ಲುಬರಹ:
ಯಾದಗಿರಿಯವರು ಕೇಳಿದ್ದು ಬೇರೆ ವಿಷಯ, ಆದರೆ ಕೊಟ್ಟ ಉದಾಹರಣೆ ಬಹಳ ಸರಿಯಾದದ್ದು. ಬೆಂಗಳೂರು 080. ಹಾಗಾಗಿ ಬೇರೆ ಯಾವ ಊರಿನ ಸಂಖ್ಯೆಯೂ 080 ಅಂತ ಶುರುವಾಗುವಂತಿಲ್ಲ. ಆದ್ದರಿಂದಲೇ ಊರ ಸಂಖ್ಯೆ ಎಲ್ಲಿ ಮುಗಿಯಿತು ಅಂತ ಎಕ್ಸ್‌ಚೇಂಜಿಗೆ ತಿಳಿಯುತ್ತದೆ. ಹಫ್‌ಮನ್ ಮರದಲ್ಲೂ ಇದೇ ಕಟ್ಟು. ಒಂದು ಅಕ್ಷರದ ಕೋಡ್ ಇನ್ನೊಂದರ ಕೋಡಿಗೆ ತಲೆಯಾಗಬಾರದು. ಅಕ್ಷರಗಳೆಲ್ಲ ಮರದ ಎಲೆಗಳಲ್ಲೇ ಕೂರುವುದರಿಂದ ಇದು ತಾನಾಗೇ ಆಗುತ್ತದೆ.

ಅದಕ್ಕೇ ‘ಮುನ್ನೊಟ್ಟು ಗುರುತು’ ನನಗೆ ಒಪ್ಪಿಗೆಯಿಲ್ಲ. ಮುನ್ನೊಟ್ಟು ಇದೆ ಅಂತ ಅದು ಹೇಳುತ್ತದೆ. ಇಲ್ಲಿ ಬೇಕಾದದ್ದು ಇಲ್ಲ ಅನ್ನುವ ಅರ್ಥ. ಇಂಗ್ಲಿಷಿನವರೇ ‘ಫ್ರೀ’ ಅನ್ನುವುದನ್ನು ನುಂಗಿ ಹೇಳುತ್ತಾರೆ. ನಾವು ಆ ನುಂಗಿದ ರೂಪವನ್ನೇ ಕನ್ನಡಕ್ಕೆ ತಂದರೆ ಹುಡುಗರು ಉಲ್ಟಾ ತಿಳಿಯುತ್ತಾರೆ. ಫ್ರೀಕ್ವೆನ್ಸಿಗೆ ‘ಆವೃತ್ತಿ’ ಹಾಕಿ, ಶಾಲೆಯ ಗಣಿತ ಪುಸ್ತಕದಲ್ಲಿ ಅದೇ ಇದೆ. ‘ಆವರ್ತನ’ ಭೌತಶಾಸ್ತ್ರದವರದು, ಅಲ್ಲಿ ಬೀದರಿನವರು ಹೇಳಿದ್ದು ಸರಿ.

ಈಗ ಪದಕ್ಕಿಂತ ದೊಡ್ಡ ವಿಷಯ. 2.30 ಅಂತ ಪ್ರಿಂಟ್ ಮಾಡಿಸಬೇಡಿ. ನಿಮ್ಮ ಅಂಕಿಗಳನ್ನು ಕೂಡಿಸಿ ನೋಡಿ, 95 ಬರುತ್ತದೆ. ತಲೆಬರಹ ನೂರು ಅನ್ನುತ್ತದೆ. ನೀವು 95ರ ಮರ ಕಟ್ಟಿ ನೂರರಿಂದ ಭಾಗಿಸಿದ್ದೀರಿ. ಶ್ಯಾನನ್ 1948ರಲ್ಲಿ ಕೊಟ್ಟ ಕೆಳಮಿತಿಯನ್ನು ಈ ಅಂಕಿಗಳಿಗೆ ಹಾಕಿದರೆ 2.38 ಬರುತ್ತದೆ. ಯಾವ ಮರ ಕಟ್ಟಿದರೂ ಅದಕ್ಕಿಂತ ಕೆಳಗಿಳಿಯಲು ಆಗುವುದಿಲ್ಲ. 2.30 ಬಂತು ಅಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಫೋಟೋ ದೊಡ್ಡದು ಮಾಡಿ ನೋಡಿದೆ. ‘ನ’ ಸಾಲಿನ ಮೇಲೆ ಫ್ಲ್ಯಾಷಿನ ಬೆಳಕು ಬಿದ್ದಿದೆ. 8ರ ಎಡಭಾಗ ಅಳಿದರೆ 3 ಕಾಣುತ್ತದೆ. 18 ಇದ್ದರೆ ಮೊತ್ತ ಸರಿಯಾಗಿ ನೂರು. ಆದರೆ ಕೆಳಗಿನ ಒಂದು ಸಾಲು ಫೋಟೋದಿಂದ ಹೊರಗುಳಿದಿದ್ದರೂ 95 ಬರಬಹುದು. ಆದ್ದರಿಂದ ನೋಟ್‌ಬುಕ್ಕನ್ನೇ ನೋಡಬೇಕು.

ಬೀದರ್ ಅಚ್ಚಗನ್ನಡ:
ಇದು ಪದದ ಪಟ್ಟಿ, ಲೆಕ್ಕದ ಟ್ಯೂಶನ್ ಅಲ್ಲ. ‘ಆವೃತ್ತಿ’ ಅಂದರೆ ಪುಸ್ತಕದ ಮುದ್ರಣ ಅಂತ ಓದುವವರೇ ಜಾಸ್ತಿ. ಮಳಖೇಡದ ಪಕ್ಕದಲ್ಲೇ ಕೂತು ಕನ್ನಡಕ್ಕೆ ಪದ ಇಲ್ಲ ಅನ್ನಬೇಡಿ. ‘ಮುನ್ನೊಟ್ಟಿಲ್ಲದ ಗುರುತು’ ಅನ್ನಿ. ಮುಗಿಯಿತು.

ಶಹಾಬಾದ್ ಕಲ್ಲುಬರಹ:
‘ಮುನ್ನೊಟ್ಟಿಲ್ಲದ’ ಅರ್ಥಕ್ಕೆ ಹತ್ತಿರ ಬಂತು, ಒಪ್ಪುತ್ತೇನೆ. ಆದರೆ ನೀವು ಮನೆಯ ಪದ ಅಂತ ಉಳಿಸಿಕೊಂಡ ‘ಸರಾಸರಿ’ ಪಾರ್ಸಿಯಿಂದ ಬಂದದ್ದು. ಬಾಕಿ, ಜಮಾ, ತಹಸೀಲು ಕೂಡ ಕಚೇರಿಯ ದಾರಿಯಲ್ಲೇ ಬಂದವು. ಪಾರ್ಸಿಗೆ ಬಾಗಿಲು ತೆಗೆದು ‘ಸಂಕೇತ’ಕ್ಕೆ ಮುಚ್ಚುವುದು ಯಾವ ನ್ಯಾಯ?

ಬೀದರ್ ಅಚ್ಚಗನ್ನಡ:
ಬಾಯಲ್ಲಿ ಪಳಗಿದ್ದು ನಮ್ಮದು. ಪುಸ್ತಕದಿಂದ ಹೇರಿದ್ದು ನಮ್ಮದಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ.

ಯಾದಗಿರಿ ಡಯಲ್:
ಹಾಗಿದ್ದರೆ ‘ಕೋಡ್’ ಕೂಡ ಬಾಯಲ್ಲಿ ಪಳಗಿದೆಯಲ್ಲ ಸರ್? ನಮ್ಮ ಬೂತಿಗೆ ಬರುತ್ತಿದ್ದ ಅಜ್ಜಿಯಂದಿರೂ ಕೋಡ್ ಅಂತಲೇ ಕೇಳುತ್ತಿದ್ದರು.

ಸೇಡಂ ಲ್ಯಾಬ್:
ನೋಟ್‌ಬುಕ್ ತರಿಸಿ ನೋಡಿದೆ. 18 ಅಂತಲೇ ಇದೆ, ಆರೇ ಸಾಲು. ಆದರೆ ಒಂದು ಗೊಂದಲ. ಹಳೆಯ ಅಂಕಿಗಳ ಮೊತ್ತ 230ನ್ನು 95ರಿಂದ ಭಾಗಿಸಿದರೆ 2.42. ಈಗ 18 ಹಾಕಿ ಹೊಸದಾಗಿ ಮಾಡಿದರೂ 2.42. ಹಾಗಾದರೆ ಹಳೆಯ ಮರದ ಚಿತ್ರವನ್ನೇ ಇಡಬಹುದೇ? ಡಿಸೈನರ್ ಅದನ್ನು ಬಿಡಿಸಿ ಮುಗಿಸಿದ್ದಾರೆ.

ಶಹಾಬಾದ್ ಕಲ್ಲುಬರಹ:
ಇಡಬೇಡಿ. ಅಂಕಿ ಹೊಂದಿಕೊಂಡದ್ದು ಆಕಸ್ಮಿಕ, ಮರ ಬೇರೆ. ಹಳೆಯದರಲ್ಲಿ 13 ಮತ್ತು 12 ಜೋಡಿಯಾಗಿ ‘ನ’ಗೆ ಮೂರು ಬಿಟ್ ಬಿದ್ದಿತ್ತು. ಸರಿಯಾದ ಪಟ್ಟಿಯಲ್ಲಿ ಹೀಗೆ ನಡೆಯುತ್ತದೆ. ಎಲ್ಲಕ್ಕಿಂತ ಚಿಕ್ಕವು 6 ಮತ್ತು 9, ಸೇರಿ 15. ಈಗ ಉಳಿದವುಗಳಲ್ಲಿ ಚಿಕ್ಕವು 12 ಮತ್ತು ಆ 15, ಸೇರಿ 27. ಆಮೇಲೆ 18 ಮತ್ತು 25, ಸೇರಿ 43. ಕೊನೆಗೆ 27 ಮತ್ತು 30 ಸೇರಿ 57, ಅದು 43ರ ಜೊತೆ ಸೇರಿ 100. ಹುಡುಗರು ಎಡವುವುದು ಎರಡನೇ ಹೆಜ್ಜೆಯಲ್ಲಿ. ಹೊಸದಾಗಿ ಹುಟ್ಟಿದ 15ನ್ನು ಸಾಲಿಗೆ ಹಾಕದೆ ಮರೆತು 12ನ್ನು 18ರ ಜೊತೆ ಕಟ್ಟಿಬಿಡುತ್ತಾರೆ.

```
ನ 00
ತ 01
ರ 11
ಕ 100
ಳ 1010
ಗ 1011
```

ಸರಾಸರಿಗೆ ಪ್ರತಿ ಅಕ್ಷರದ ಗುಣಾಕಾರವೂ ಬೇಕಿಲ್ಲ. ಸೇರಿಸುವಾಗ ಹುಟ್ಟಿದ ಮೊತ್ತಗಳನ್ನು ಕೂಡಿದರೆ ಸಾಕು:

```
15 + 27 + 43 + 57 + 100 = 242
242 / 100 = 2.42
```

ಒಂದು ಅಕ್ಷರ ಎಷ್ಟು ಬಿಟ್ ಆಳದಲ್ಲಿದೆಯೋ ಅಷ್ಟು ಮೊತ್ತಗಳಲ್ಲಿ ಅದರ ಅಂಕಿ ಸೇರಿಕೊಂಡಿರುತ್ತದೆ. ಅದಕ್ಕೇ ಎರಡೂ ದಾರಿಗೆ ಒಂದೇ ಉತ್ತರ. ಹಳೆಯ ಮರದ ಕೋಡುಗಳನ್ನು ಸರಿಯಾದ ಪಟ್ಟಿಗೆ ಹಾಕಿದರೆ 2.45 ಆಗುತ್ತದೆ. ನೂರು ಅಕ್ಷರಕ್ಕೆ ಮೂರು ಬಿಟ್ ಸುಮ್ನೆ ಜಾಸ್ತಿ. ಹೊಸ ಪಟ್ಟಿಯ ಕೆಳಮಿತಿ 2.39, ನಿಮ್ಮ 2.42 ಅದರ ಮೇಲಿದೆ. ಎಲ್ಲ ಅಕ್ಷರಕ್ಕೂ ಒಂದೇ ಉದ್ದ ಇಟ್ಟಿದ್ದರೆ 3 ಆಗುತ್ತಿತ್ತು.

ಇನ್ನೊಂದು ಮಾತು. ಬೇರೆಯವರು 0 ಮತ್ತು 1 ಅದಲುಬದಲು ಮಾಡಿ ಬರೆದರೆ ಕೋಡುಗಳು ಬೇರೆ ಕಾಣುತ್ತವೆ. ಅದು ತಪ್ಪಲ್ಲ. ಫ್ಲೆಕ್ಸಿನ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಸೇಡಂ ಲ್ಯಾಬ್:
ಬಹಳ ಉಪಕಾರವಾಯಿತು ಸರ್. ಚಿತ್ರ ಬದಲಾಯಿಸಲು ಹೇಳಿದ್ದೇನೆ. ತಲೆಬರಹಕ್ಕೆ ‘ಪ್ರಿಫಿಕ್ಸ್ ಕೋಡ್’ ಅಂತಲೇ ಇಟ್ಟು, ಕೆಳಗೆ ‘ಯಾವ ಕೋಡೂ ಇನ್ನೊಂದರ ತಲೆಯಾಗಬಾರದು’ ಅಂತ ಬರೆಸುತ್ತೇನೆ. ಆವೃತ್ತಿ, ಸರಾಸರಿ ಕೋಡ್ ಉದ್ದ ಹಾಗೇ ಇರುತ್ತವೆ.

ಬೀದರ್ ಅಚ್ಚಗನ್ನಡ:
ಅಂದರೆ ಕನ್ನಡದ ಫ್ಲೆಕ್ಸಿಗೆ ಇಂಗ್ಲಿಷ್ ತಲೆ. ನನ್ನ ವಿರೋಧ ಇರಲಿ ಇಲ್ಲಿ. ಮತ್ತೆ, ಆ ಪಟ್ಟಿಯಲ್ಲಿ ‘ರ’ ಅಂದರೆ ಯಾವುದು? ರಿ, ರು, ರೆ ಎಲ್ಲ ಅದರಲ್ಲೇ ಎಣಿಸಿದ್ದಾರಾ? ಕಂಪ್ಯೂಟರಿನೊಳಗೆ ‘ರಿ’ ಎರಡು ತುಂಡು, ಓದುವವರಿಗೆ ಒಂದೇ ಅಕ್ಷರ. ಯಾವುದನ್ನು ಎಣಿಸಿದರು ಅಂತ ಹೇಳದ ಪಟ್ಟಿಗೆ ‘ಅಕ್ಷರ’ ಅನ್ನುವ ಹೆಸರು ಸಲ್ಲದು.

ಶಹಾಬಾದ್ ಕಲ್ಲುಬರಹ:
ಈ ಪ್ರಶ್ನೆ ಸರಿಯಾಗಿದೆ. ಬರೀ ಆರು ಸಾಲಿಗೇ ನೂರು ತುಂಬಿದೆ ಅಂದರೆ ಇದು ಪಾಠಕ್ಕೆ ಮಾಡಿಕೊಂಡ ಪಟ್ಟಿ ಇರಬೇಕು. ನಿಜವಾದ ಕನ್ನಡ ಬರಹ ಎಣಿಸಿದ್ದರೆ ಸ್ವರಚಿಹ್ನೆ, ಒತ್ತಕ್ಷರ, ಖಾಲಿ ಜಾಗ ಎಲ್ಲ ಬರುತ್ತಿದ್ದವು. ತುಂಡು ತುಂಡಾಗಿ ಎಣಿಸಿದರೆ ಮರ ಚಿಕ್ಕದು, ಪೂರ್ತಿ ಅಕ್ಷರವಾಗಿ ಎಣಿಸಿದರೆ ಸಾಲುಗಳು ನೂರಾರು. ಸೇಡಂನವರು ನೋಟ್‌ಬುಕ್ಕಿನವರನ್ನು ಕೇಳಿ ಹೇಳಲಿ.

ಸೇಡಂ ಲ್ಯಾಬ್:
ಅವರ ಫೋನ್ ಹತ್ತುತ್ತಿಲ್ಲ. ಸದ್ಯಕ್ಕೆ ‘ಉದಾಹರಣೆಗಾಗಿ ಆರು ಅಕ್ಷರ’ ಅಂತ ತಲೆಬರಹ ತಿದ್ದಿ ಫೈಲ್ ಕಳಿಸಿದ್ದೇನೆ.