ಅಪ್‌ಡೇಟ್: ಅಜ್ಜಿಯ ತೋಟಕ್ಕೆ ಮರಳುವ ಹುಡುಗಿ, ಮೊದಲ ದೃಶ್ಯ

ಆಡುವವರು ಆಯ್ಕೆ ಮಾಡುತ್ತಾ ಮುಂದೆ ಸಾಗುವ ಒಂದು ಕಥೆ-ಆಟ ಬರೆಯುತ್ತಿದ್ದೇನೆ. ಅದರ ಬಗ್ಗೆ ಮೊದಲು ಕೇಳಿದ್ದ ನನ್ನ ಪ್ರಶ್ನೆ: "ಆರು ವರ್ಷದ ನಂತರ ಹುಡುಗಿ ಶಿರಸಿ ಕಡೆಯ ಅಜ್ಜಿಯ ಅಡಿಕೆ ತೋಟಕ್ಕೆ ಬರುತ್ತಾಳೆ. ಮೊದಲ ದೃಶ್ಯ ಎಳೆದಂತಿದೆ. ಏನು ಮಾಡಲಿ?"

ಬಸ್ಸಿನಲ್ಲಿ ಅವಳು ಹಳೆಯದನ್ನೆಲ್ಲ ನೆನೆಯುವ ಭಾಗವನ್ನು ಪೂರ್ತಿ ತೆಗೆದೆ. ಆಡಿ ನೋಡಿದ ಗೆಳತಿ ಅದನ್ನು ಓದದೆ ಸುಮ್ನೆ ಒತ್ತುತ್ತಾ ಹೋಗಿದ್ದಳು.

ಈಗ ದೃಶ್ಯ ಅಂಗಳದಲ್ಲೇ ಶುರು. ಕೊಯ್ಲಿನ ಸಮಯ, ರಾತ್ರಿ. ಹಸಿ ಅಡಿಕೆಯ ರಾಶಿ. ಅಜ್ಜಿ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ಇನ್ನೊಂದು ಮೆಟ್ಟುಗತ್ತಿ ಖಾಲಿ ಇದೆ.

"ಬಂದ್ಯಾ ಕೂಸೇ? ಕೈಕಾಲು ತೊಳ್ಕೊ."

ಅಷ್ಟೇ ಮಾತು. ಆಮೇಲೆ ಆಯ್ಕೆ. ಇಂಥ ಕಥೆ-ಆಟ ಬರೆಯುವ ಭಾಷೆಯಾದ ಇಂಕ್‌ನಲ್ಲಿ ಹೀಗೆ ಬರೆದೆ:

```
VAR sulida = false
* [ಅಜ್ಜಿ ಪಕ್ಕ ಕೂರು]
  ~ sulida = true
* [ಒಳಗೆ ಹೋಗು]
- {sulida: ಬೆರಳಿಗೆ ಚೊಗರು ಅಂಟಿದೆ.|ಅಜ್ಜಿ ತಲೆ ಎತ್ತಲಿಲ್ಲ.}
```

ಮೊದಲು ನನ್ನ ಎರಡೂ ಆಯ್ಕೆಗಳು ಒಂದೇ ಸಾಲಿಗೆ ಬಂದು ಸೇರುತ್ತಿದ್ದವು. ಹಾಗಾದರೆ ಆಯ್ಕೆಗೆ ಅರ್ಥವೇ ಇಲ್ಲ, ಅಲ್ವಾ? ಈಗ ಆ ಆಯ್ಕೆಯನ್ನು ನೆನಪಿಡುವ `sulida` ಬೆಳಗಿನ ದೃಶ್ಯಕ್ಕೂ ಹೋಗುತ್ತದೆ. ಕೂತು ಸುಲಿದಿದ್ದರೆ ಅಜ್ಜಿಯೇ ತೋಟ ಮಾರುವ ಮಾತು ತೆಗೆಯುತ್ತಾರೆ. ಇಲ್ಲದಿದ್ದರೆ ಅವಳಿಗೆ ಅದು ಪಕ್ಕದ ಮನೆಯವರಿಂದ ಗೊತ್ತಾಗುತ್ತದೆ.

ಖಾಲಿ ಮೆಟ್ಟುಗತ್ತಿ ಅಜ್ಜನದು. ಅದನ್ನು ಈ ದೃಶ್ಯದಲ್ಲಿ ಯಾರೂ ಹೇಳುವುದಿಲ್ಲ.