ಅಪ್‌ಡೇಟ್: ಸ್ಕ್ರೀನ್‌ಶಾಟ್ ಕ್ವಿಜ್‌ನ ಕೀ ಯಾಕೆ ತಪ್ತಿತ್ತು ಅಂತ ಗೊತ್ತಾಯ್ತು

ನಾನು ಕೇಳಿದ್ದು: "ಏಳನೇ ಕ್ಲಾಸಿನ ಆಮ್ಲ-ಪ್ರತ್ಯಾಮ್ಲ ಪುಟದ ಸ್ಕ್ರೀನ್‌ಶಾಟ್‌ನಿಂದ ರಿವಿಷನ್ ಕ್ವಿಜ್ ಮಾಡ್ದೆ, ಉತ್ತರದ ಕೀ ಅಲ್ಲಲ್ಲಿ ತಪ್ಪು ಬರ್ತಿದೆ, ಯಾಕೆ?"

ಪುಟದಲ್ಲಿರೋ ಟೇಬಲ್ ನೋಡಿ ಅಂದಿದ್ರಲ್ಲ ಸಾರ್, ಅದೇ ಆಗಿತ್ತು. ಗೂಗಲ್ ಲೆನ್ಸ್‌ನಲ್ಲಿ ಟೆಕ್ಸ್ಟ್ ಕಾಪಿ ಮಾಡ್ದಾಗ ಲಿಟ್ಮಸ್ ಟೇಬಲ್‌ನ ಎರಡು ಕಾಲಂ ಕಲಸಿಹೋಗಿ, ನಿಂಬೆರಸದ ಮುಂದೆ "ನೀಲಿ ಆಗುತ್ತೆ" ಅಂತ ಕೂತಿತ್ತು, ನಾನು ಹಾಗೇ ಕೀಗೆ ಹಾಕ್ಬಿಟ್ಟಿದ್ದೆ. ಈಗ ಟೇಬಲ್‌ನ ಬೇರೆಯಾಗಿ ಕ್ರಾಪ್ ಮಾಡಿ ಒಂದೊಂದೇ ಸಾಲು ನಾನೇ ಟೈಪ್ ಮಾಡ್ತೀನಿ. "ಪ್ರತ್ಯಾಮ್ಲ"ದಲ್ಲಿ ಒತ್ತಕ್ಷರ ಬಿಟ್ಟುಹೋಗಿದ್ದೂ ಆಗ್ಲೇ ಕಣ್ಣಿಗೆ ಬಿತ್ತು.

ಆದ್ರೆ ದೊಡ್ಡ ತಪ್ಪು ಬೇರೆ ಇತ್ತು. "ಕೆಂಪು ಲಿಟ್ಮಸ್ಸನ್ನ ನೀಲಿ ಮಾಡೋದು ಯಾವ್ದು?" ಅನ್ನೋ ಪ್ರಶ್ನೆಗೆ ನಿಂಬೆರಸ, ವಿನೆಗರ್, ಸೋಪಿನ ನೀರು, ಅಡುಗೆ ಸೋಡಾ ನೀರು ಅಂತ ಕೊಟ್ಟಿದ್ದೆ. ಪುಟದಲ್ಲಿ ಸೋಪು ಮಾತ್ರ ಇದ್ದಿದ್ರಿಂದ ಕೀಲಿ ಅದೊಂದೇ, ಆದ್ರೆ ಅಡುಗೆ ಸೋಡಾನೂ ಪ್ರತ್ಯಾಮ್ಲನೇ ಅಲ್ವಾ, ಒಬ್ಳು ಹುಡುಗಿ ಅದನ್ನೇ ಟಿಕ್ ಮಾಡಿ ಮಾರ್ಕ್ಸ್ ಕಳ್ಕೊಂಡ್ಳು, ನಂಗೆ ತುಂಬಾ ಬೇಜಾರಾಯ್ತು. ಅವಳಿಗೆ ಮಾರ್ಕ್ಸ್ ಸೇರಿಸ್ದೆ, ಸೋಡಾ ಬದ್ಲು ಹುಣಸೆಹಣ್ಣಿನ ರಸ ಹಾಕ್ದೆ.

ಈಗ ಕೀ ನೋಡದೇನೇ ಕ್ವಿಜ್ ಪೂರ್ತಿ ನಾನೇ ಒಂದ್ಸಲ ಬರೀತೀನಿ, ಒಂದೊಂದು ಆಪ್ಷನ್ನೂ ಯಾಕೆ ತಪ್ಪು ಅಂತ ಹೇಳೋಕಾಗ್ದಿದ್ರೆ ಅದನ್ನ ತೆಗೀತೀನಿ. ಕೀಲಿ "ಸಿ" ಅಂತ ಬರೆಯೋದೂ ಬಿಟ್ಟೆ, ಗೂಗಲ್ ಫಾರ್ಮ್‌ನಲ್ಲಿ ಆಪ್ಷನ್ ಶಫಲ್ ಮಾಡಿದ್ರೆ ಅಕ್ಷರಕ್ಕೆ ಅರ್ಥ ಇರಲ್ಲ, ಅದಕ್ಕೆ "ಸೋಪಿನ ನೀರು" ಅಂತ ಪೂರ್ತಿ ಬರೀತೀನಿ. ಸೋಮವಾರ ಇಲ್ಲಿ ಜಯನಗರದಲ್ಲಿ ಎರಡನೇ ಸೆಕ್ಷನ್‌ಗೆ ಕೊಟ್ಟೆ, ಕೀ ಒಂದೂ ತಪ್ಪಿಲ್ಲ.